ಅಪ್‌ಡೇಟ್: ಸರಾಸರಿ ಕಳೆದ ಮೇಲೆ ರಾಗಿ ಇಳುವರಿಯ ಮಾದರಿ

ನನ್ನ ಪ್ರಶ್ನೆ: ತುಮಕೂರು ಸುತ್ತಲಿನ ರಾಗಿ ಹೊಲಗಳ ರಿಗ್ರೆಶನ್‌ನಲ್ಲಿ ಇಂಟರ್‌ಸೆಪ್ಟ್ ಎಕರೆಗೆ -5 ಕ್ವಿಂಟಾಲ್, ಸಾರಜನಕದ ಗುಣಾಂಕ -0.10 ಬರುತ್ತಿರುವುದೇಕೆ?

ನೀವು ಸೂಚಿಸಿದಂತೆ ಮಳೆಯಿಂದ ಅದರ ಸರಾಸರಿ 700 ಮಿ.ಮೀ., ಸಾರಜನಕದಿಂದ ಅದರ ಸರಾಸರಿ 20 ಕೆ.ಜಿ. ಕಳೆದು, ಆಮೇಲೆ ಅವೆರಡರ ಗುಣಲಬ್ಧ ಪದವನ್ನು, ಅಂದರೆ ಇಂಟರಾಕ್ಷನ್ ಅನ್ನು ಕಟ್ಟಿದೆ.

```
d$r <- d$rain - 700
d$s <- d$n - 20
lm(yield ~ r * s, data = d)
```

ಈಗ ಇಂಟರ್‌ಸೆಪ್ಟ್ 10.5 ಕ್ವಿಂಟಾಲ್, ಸರಾಸರಿ ಮಳೆ ಬಿದ್ದು ಸರಾಸರಿ ಗೊಬ್ಬರ ಕಂಡ ಹೊಲದ ಇಳುವರಿ ಎಂದು ಯಾವ ರೈತರಿಗೂ ಹೇಳಬಹುದು. ಹಳೆಯ -0.10 ಎಂಬುದು ಮಳೆ ಸೊನ್ನೆಯಾದಾಗ ಸಾರಜನಕದ ಪರಿಣಾಮವಾಗಿತ್ತು. ಅಂಥ ವರ್ಷ ನಮ್ಮ ದತ್ತಾಂಶದಲ್ಲೇ ಇಲ್ಲ. ಗುಣಲಬ್ಧದ ಗುಣಾಂಕ 0.0005 ಆದ್ದರಿಂದ, 700 ಮಿ.ಮೀ. ಮಳೆಯಲ್ಲಿ ಆ ಪರಿಣಾಮ -0.10 + 0.0005 × 700, ಅಂದರೆ 0.25 ಆಗುತ್ತದೆ, ಹೊಸ ಫಲಿತಾಂಶವೂ ಅದನ್ನೇ ತೋರಿಸಿತು.

ಸಾರಜನಕಕ್ಕೂ ಗುಣಲಬ್ಧಕ್ಕೂ ಇದ್ದ 0.87ರ ಸಹಸಂಬಂಧ ಸೊನ್ನೆಯ ಹತ್ತಿರಕ್ಕೆ ಇಳಿದಿದೆ. ಆದರೆ 0.0005, ಅದರ ಪ್ರಮಾಣಿತ ದೋಷ, ಪ್ರತಿ ಹೊಲಕ್ಕೆ ಮಾದರಿ ಅಂದಾಜಿಸುವ ಇಳುವರಿ ಮತ್ತು R² ಕಿಂಚಿತ್ತೂ ಬದಲಾಗಿಲ್ಲ. ಆದ್ದರಿಂದ ಇಂಟರಾಕ್ಷನ್ ಹೆಚ್ಚು ಖಚಿತವಾಯಿತೆಂದು ವರದಿಯಲ್ಲಿ ಬರೆಯುವುದು ತಪ್ಪಾಗುತ್ತದೆ. ಮುಂದಿನ ವರ್ಷದ ಹೊಲಗಳಿಗೆ ಅಂದಾಜು ಮಾಡುವಾಗಲೂ ಆ ವರ್ಷದ ಸರಾಸರಿಯನ್ನಲ್ಲ, ಇದೇ 700 ಮತ್ತು 20ನ್ನೇ ಕಳೆಯಬೇಕು.