ಒಂದೇ ವೇದಿಕೆ, 14 ತಂಡ: ರಿಹರ್ಸಲ್‌ಗೆ ಸಮಯ ಹಂಚುವುದು ಹೇಗೆ?

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ 14 ತಂಡಗಳಿವೆ. ವೇದಿಕೆ ಒಂದೇ, ದಿನಕ್ಕೆ ಸಿಗುವುದು 2 ಗಂಟೆ. ಉಳಿದಿರುವುದು 7 ದಿನ. ಯಾರಿಗೆ ಎಷ್ಟು ಸಮಯ ಕೊಡಲಿ? ಮಾಡಿಸಿದವರು ಹೇಳಿ.

ಕಾರ್ಯಕ್ರಮ ನೋಡಿಕೊಳ್ಳುವ ಶಿಕ್ಷಕಿ: ಮೊದಲು ಕೊನೆಯ ಎರಡು ದಿನ ಎತ್ತಿಡಿ. ಉಳಿದ 5 ದಿನಕ್ಕೆ 600 ನಿಮಿಷ. ತಂಡಕ್ಕೆ 15 ನಿಮಿಷದಂತೆ 40 ಸರದಿ ಸಿಗುತ್ತವೆ. ಎಲ್ಲರಿಗೂ ಎರಡೆರಡು ಕೊಟ್ಟರೆ 28. ಮಿಕ್ಕ 12 ಸರದಿಗಳನ್ನು ಈಗಲೇ ಹಂಚಬೇಡಿ. ನಾಟಕಕ್ಕೆ, ಮಕ್ಕಳು ಜಾಸ್ತಿ ಇರುವ ತಂಡಕ್ಕೆ ಅವು ಬೇಕೇ ಬೇಕು.

5 ನಿಮಿಷದ ನೃತ್ಯವಾದರೆ ಎರಡು ಸಲ ಮಾಡಿಸಿ. ಉಳಿದ 5 ನಿಮಿಷ ಒಳಗೆ ಬರುವುದಕ್ಕೆ, ಜಾಗ ಹಿಡಿಯುವುದಕ್ಕೆ, ಹೊರಗೆ ಹೋಗುವುದಕ್ಕೆ. ಹೆಜ್ಜೆ ತಿದ್ದುವ ಕೆಲಸ ವೇದಿಕೆ ಮೇಲೆ ಬೇಡವೇ ಬೇಡ. ವೇದಿಕೆಯ ಉದ್ದ ಅಗಲ ಅಳೆದು ಮೈದಾನದಲ್ಲೋ ಹಾಲ್‌ನಲ್ಲೋ ಅಷ್ಟೇ ಜಾಗಕ್ಕೆ ಗೆರೆ ಎಳೆಯಿರಿ, ನಡುವೆ ಒಂದು ಗುರುತು ಹಾಕಿ. ಅಲ್ಲಿ ಸಾಲು ಸರಿಯಾದ ತಂಡ ವೇದಿಕೆಗೆ ಬಂದರೂ ಗೊಂದಲ ಆಗುವುದಿಲ್ಲ.

ದೈಹಿಕ ಶಿಕ್ಷಕರು: ಇಷ್ಟೆಲ್ಲ ಲೆಕ್ಕ ಯಾಕೆ ಮೇಡಂ? ಮೊದಲ ದಿನದಿಂದಲೇ ಕಾರ್ಯಕ್ರಮದ ಕ್ರಮದಲ್ಲೇ ಓಡಿಸಿ. ಯಾರ ನಂತರ ಯಾರು ಅಂತ ಮಕ್ಕಳಿಗೆ ತಾನಾಗಿಯೇ ಗೊತ್ತಾಗುತ್ತದೆ.

ಶಿಕ್ಷಕಿ: ಕ್ರಮ ಗೊತ್ತಾಗಬೇಕು ಅನ್ನುವುದು ನಿಜ, ಸರ್. ಆದರೆ ಮೊದಲ ತಂಡಗಳು ಸ್ವಲ್ಪ ಸ್ವಲ್ಪ ತಡ ಮಾಡಿದರೂ ಕೊನೆಯ ತಂಡಗಳಿಗೆ ದಿನವೂ ಸಮಯ ಸಿಗುವುದಿಲ್ಲ. ಕ್ರಮ ಕಲಿಸಲಿಕ್ಕೆಂದೇ ಆರನೇ ದಿನ ಇದೆ. ಅವತ್ತು ಪ್ರತಿ ತಂಡದ ಮೊದಲ ಅರ್ಧ ನಿಮಿಷ, ಕೊನೆಯ ಅರ್ಧ ನಿಮಿಷ ಮಾತ್ರ ಮಾಡಿಸಿ. ಎಲ್ಲರೂ ಬಲಗಡೆಯಿಂದ ಬಂದು ಎಡಗಡೆಯಿಂದ ಹೋಗಲಿ. ಎಲ್ಲಿ ಡಿಕ್ಕಿ ಆಗುತ್ತದೋ ಅಲ್ಲಿ ಮತ್ತೆ ಮಾಡಿಸಿ. ಏಳನೇ ದಿನ ವೇಷ ಹಾಕಿಕೊಂಡು, ನಿಲ್ಲಿಸದೆ ಪೂರ್ತಿ. ತಂಡಕ್ಕೆ 5 ನಿಮಿಷ, ನಡುವೆ 2 ನಿಮಿಷ ಅಂದರೂ 96 ನಿಮಿಷ. ನಾಟಕ ಉದ್ದವಾದರೂ 2 ಗಂಟೆಯಲ್ಲಿ ಹಿಡಿಸುತ್ತದೆ.

ಒಬ್ಬ ತಾಯಿ: ನನ್ನ ಮಗಳು ಎರಡು ತಂಡದಲ್ಲಿದ್ದಾಳೆ. ಎರಡೂ ಅಭ್ಯಾಸ ಒಂದೇ ಹೊತ್ತಿಗೆ! ಯಾವುದಕ್ಕೆ ಕಳಿಸಲಿ?

ಶಿಕ್ಷಕಿ: ಅಮ್ಮಾ, ಇದು ಪಟ್ಟಿ ಮಾಡುವವರು ನೋಡಬೇಕಾದ್ದು. ಎರಡು ಕಡೆ ಇರುವ ಮಕ್ಕಳ ಹೆಸರು ಮೊದಲೇ ಬರೆದುಕೊಂಡು, ಆ ತಂಡಗಳ ಅಭ್ಯಾಸಕ್ಕೆ ಬೇರೆ ಬೇರೆ ಹೊತ್ತು ಇಡಬೇಕು. ಕಾರ್ಯಕ್ರಮದಲ್ಲೂ ಆ ಎರಡರ ನಡುವೆ ಕನಿಷ್ಠ ಎರಡು ಬೇರೆ ತಂಡ ಬರಲಿ. ಇಲ್ಲದಿದ್ದರೆ ಬಟ್ಟೆ ಬದಲಿಸಲು ಆಗುವುದಿಲ್ಲ.

ಸಂಗೀತ ಶಿಕ್ಷಕರು: ನಮ್ಮಲ್ಲಿ ಸಮಯ ಹೋಗಿದ್ದು ಹಾಡು ಹುಡುಕುವುದರಲ್ಲೇ. ಒಬ್ಬೊಬ್ಬರ ಫೋನ್‌ನಲ್ಲಿ ಒಂದೊಂದು ಹಾಡು. ಎಲ್ಲವನ್ನೂ ಒಂದೇ ಪೆನ್‌ಡ್ರೈವ್‌ಗೆ ಹಾಕಿ, ತಂಡದ ನಂಬರ್ ಕೊಟ್ಟುಬಿಡಿ.

ಪುಟ್ಟ ಮಕ್ಕಳ ಟೀಚರ್: ಚಿಕ್ಕವರಿಗೆ ಎರಡು ಸರದಿ ಸಾಲದು. ವೇದಿಕೆ ಹೊಸದಾದರೆ ಅವರು ಸುಮ್ನೆ ನಿಂತುಬಿಡುತ್ತಾರೆ. ಮೂರಾದರೂ ಕೊಡಿ.

ಶಿಕ್ಷಕಿ: ನಾನಾದರೆ ಎರಡೇ ಕೊಡುತ್ತೇನೆ, ಆದರೆ ದಿನದ ಮೊದಲ ಸರದಿ. ಕಾದು ಸುಸ್ತಾದ ಮೇಲೆ ಎಷ್ಟು ಸಲ ಹತ್ತಿಸಿದರೂ ಕುಣಿಯುವುದಿಲ್ಲ ಅಲ್ವಾ?

ಪುಟ್ಟ ಮಕ್ಕಳ ಟೀಚರ್: ಮೊದಲ ಸರದಿ ಒಪ್ಪುತ್ತೇನೆ. ಮೂರನೆಯದನ್ನು ಮಾತ್ರ ಬಿಡುವುದಿಲ್ಲ.