ಹಾಜರಿದ್ದರೂ ಗೈರು: ಹೋದ ಸಂಬಳ ಕೇಳುವ ಪತ್ರ ಬರೆಯೋದು ಹೇಗೆ?

ಪ್ರಶ್ನೆ (ಗಾರ್ಮೆಂಟ್ಸ್ ಟೈಲರ್, ಮದ್ದೂರು): ಬೇಸಿಕ್, ಡಿಎ ಸೇರಿ ತಿಂಗಳಿಗೆ 13,000. ಹೋದ ತಿಂಗಳು ನಾಲ್ಕು ದಿನ ಗೈರು ಹಾಕಿ, ಪೇ ಸ್ಲಿಪ್‌ನಲ್ಲಿ 22 ದಿನಕ್ಕೆ 11,000 ತೋರಿಸಿದ್ದಾರೆ. 4ಕ್ಕೆ ಥಂಬ್ ತಗೊಳ್ಳಲಿಲ್ಲ, ಸೂಪರ್‌ವೈಸರ್ ಬುಕ್ಕಲ್ಲಿ ಬರೆದುಕೊಂಡ್ರು. 13ಕ್ಕೆ 20 ನಿಮಿಷ ಲೇಟ್. 19ಕ್ಕೆ ಹೋಗುವಾಗ ಪಂಚ್ ಬಿದ್ದಿಲ್ಲ. 27ಕ್ಕೆ ಜ್ವರ, ಇಎಸ್‌ಐ ಸರ್ಟಿಫಿಕೇಟ್ ಕೊಟ್ಟಿದ್ದೀನಿ. 500 ರೂಪಾಯಿ ಅಟೆಂಡೆನ್ಸ್ ಬೋನಸ್ಸೂ ಹೋಯ್ತು. ಪತ್ರ ಹೇಗೆ ಬರೀಲಿ?

ಸೂಪರ್‌ವೈಸರ್, ಬೊಮ್ಮಸಂದ್ರ: 13,000ವನ್ನು 30ರಿಂದ ಭಾಗಿಸಿ ಮೇಡಂ. ದಿನಕ್ಕೆ 433 ಬರುತ್ತೆ, ನಾಲ್ಕು ದಿನಕ್ಕೆ 1,733 ಕೇಳಿ.

ಪೇರೋಲ್ ಕೆಲಸದವರು, ಪೀಣ್ಯ: 30ರಿಂದ ಭಾಗಿಸೋ ಕಡೆಗಳೂ ಇವೆ ಸರ್, ಆದರೆ ಇಲ್ಲಿ ಸ್ಲಿಪ್ಪೇ ಉತ್ತರ ಹೇಳ್ತಿದೆ. 11,000ವನ್ನು 22ರಿಂದ ಭಾಗಿಸಿದರೆ 500. ಅಂದರೆ ಅವರು 26ರ ಲೆಕ್ಕ ಹಿಡಿದಿದ್ದಾರೆ. ಕಡಿಯುವಾಗ 26, ಕೇಳುವಾಗ 30 ಅಂತ ಮಾಡಿದರೆ ದಿನಕ್ಕೆ 67 ರೂಪಾಯಿ ನೀವೇ ಬಿಟ್ಟುಕೊಟ್ಟ ಹಾಗೆ.

ಮೇಡಂ, ನಾಲ್ಕು ದಿನಕ್ಕೂ ಒಂದೇ ಸಾಲಲ್ಲಿ 2,000 ಅಂತ ಬರೀಬೇಡಿ. ನಾಲ್ಕಕ್ಕೂ ಕಾರಣ ಬೇರೆ ಬೇರೆ, ಒಂದು ಬಿದ್ದುಹೋದರೆ ಪತ್ರಾನೇ ವಾಪಸ್ ಬರುತ್ತೆ. 27ರಂದು ನೀವು ಕೆಲಸ ಮಾಡಿಲ್ಲ, ಅದರ ದುಡ್ಡು ಕಂಪನಿಯಿಂದ ಬರಲ್ಲ. ಇಎಸ್‌ಐ ಕಾಯಿಲೆ ಭತ್ಯೆಗೂ ಸಾಮಾನ್ಯವಾಗಿ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಆದರೂ ಗೈರು ಅನ್ನೋದನ್ನು ರಜೆ ಅಂತ ತಿದ್ದಿಸಿ; ಹೇಳದೆ ಕೇಳದೆ ತಪ್ಪಿಸಿಕೊಂಡರು ಅನ್ನೋ ದಾಖಲೆ ಉಳಿಯಬಾರದು.

13ನೇ ತಾರೀಕಿನದು ಜಾಸ್ತಿ ಜನ ಎಡವೋ ಜಾಗ. ಬಾರದ ಹೊತ್ತಿಗೆ ತಕ್ಕಷ್ಟೇ ಸಂಬಳ ಹಿಡಿಯಬೇಕು ಅನ್ನೋದು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಎಂಟು ಗಂಟೆಗೆ 500 ಅಂದರೆ ಗಂಟೆಗೆ 62.50, 20 ನಿಮಿಷಕ್ಕೆ 20.83. ಅಷ್ಟು ಹಿಡೀಲಿ, ಉಳಿದ 479.17 ಕೊಡಲಿ. ಲೇಟಾಗಿದ್ದನ್ನು ಪತ್ರದಲ್ಲಿ ನೀವೇ ಬರೆದುಬಿಡಿ, ಬಾಕಿ ಸಾಲುಗಳನ್ನೂ ಆಗ ನಂಬ್ತಾರೆ.

ಹೀಗೆ ಬರೀರಿ:

> ಮಾನವ ಸಂಪನ್ಮೂಲ ವಿಭಾಗದ ಮ್ಯಾನೇಜರ್ ಅವರಿಗೆ,
> ವಿಷಯ: ಹಾಜರಾತಿ ತಿದ್ದುಪಡಿ ಮತ್ತು ಬಾಕಿ ವೇತನ (ಟೋಕನ್ ನಂ. …, ಲೈನ್ …, ತಿಂಗಳು …)
>
> ಮಾನ್ಯರೇ, ಪೇ ಸ್ಲಿಪ್ ಪ್ರಕಾರ ನನ್ನ ದಿನದ ವೇತನ 500 ರೂ. ಕೆಳಗಿನ ದಿನಗಳಲ್ಲಿ ಗೈರು ಎಂದು ನಮೂದಾಗಿದೆ.
>
> ತಾ. 4: ಬೆರಳಚ್ಚು ಯಂತ್ರ ಸ್ವೀಕರಿಸಲಿಲ್ಲ. ಸೂಪರ್‌ವೈಸರ್ ಪುಸ್ತಕದಲ್ಲಿ ಬರೆದಿದ್ದಾರೆ. ಆ ದಿನದ ಪ್ರೊಡಕ್ಷನ್ ಶೀಟ್‌ನಲ್ಲಿ ನನ್ನ ಟೋಕನ್ ಇದೆ. ಕಳೆದ ವೇತನ 500.00
> ತಾ. 13: 20 ನಿಮಿಷ ತಡವಾಗಿ ಬಂದೆ, ಶಿಫ್ಟ್ ಮುಗಿಯುವವರೆಗೆ ಕೆಲಸ ಮಾಡಿದೆ. 20.83 ಕಳೆದು ಬರಬೇಕಾದದ್ದು 479.17
> ತಾ. 19: ಒಳಬರುವ ಪಂಚ್ ಇದೆ, ಹೊರಹೋಗುವ ಪಂಚ್ ದಾಖಲಾಗಿಲ್ಲ. ಪ್ರೊಡಕ್ಷನ್ ಶೀಟ್ ಪರಿಶೀಲಿಸಿ. ಕಳೆದ ವೇತನ 500.00
> ತಾ. 27: ಇಎಸ್‌ಐ ಸರ್ಟಿಫಿಕೇಟ್ ನೀಡಿದ್ದೇನೆ. ರಜೆ ಎಂದು ತಿದ್ದಲು ಕೋರಿಕೆ, ಮೊತ್ತ ಕೇಳುತ್ತಿಲ್ಲ.
>
> ಒಟ್ಟು 1,479.17 ರೂ. ಹಾಗೂ ಅದರ ಮೇಲಿನ ಪಿಎಫ್, ಇಎಸ್‌ಐ ವಂತಿಗೆ ಸೇರಿಸಿಕೊಡಿ. ಅಟೆಂಡೆನ್ಸ್ ಬೋನಸ್ 500 ರೂ. ಪ್ರತ್ಯೇಕವಾಗಿ ಪರಿಗಣಿಸಿ.

ಕಡಿತಕ್ಕೆ ಮುಂಚಿನ ಮೊತ್ತವನ್ನೇ ಕೇಳಿ. ನಿಮ್ಮ ಕೈಗೆ ಬರೋದು ಸುಮಾರು 1,290, ಯಾಕಂದ್ರೆ 177.50 ಪಿಎಫ್‌ಗೆ, 11 ರೂಪಾಯಿ ಚಿಲ್ಲರೆ ಇಎಸ್‌ಐಗೆ ಹೋಗುತ್ತೆ. ಕೈಗೆ ಬರೋದಷ್ಟನ್ನೇ ಬರೆದರೆ ಅದರಲ್ಲೇ ಮತ್ತೆ ಹಿಡೀತಾರೆ.

ಎರಡು ಪ್ರತಿ ಮಾಡಿ, ನಿಮ್ಮ ಪ್ರತಿ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸೂಪರ್‌ವೈಸರ್ ಬುಕ್ಕಿನ ಆ ಪುಟದ ಫೋಟೋ ಇವತ್ತೇ ತೆಗೆದಿಡಿ. ಹೊಸ ಬುಕ್ ಶುರುವಾದ ಮೇಲೆ ಹಳೇದು ಎಲ್ಲಿ ಹೋಗುತ್ತೋ ಯಾರಿಗೂ ಗೊತ್ತಿರಲ್ಲ.

ಹೌಸ್‌ಕೀಪಿಂಗ್, ಮೈಸೂರು: ನಂದು ಆಸ್ಪತ್ರೇಲಿ ಏಜೆನ್ಸಿ ಕೆಲಸ ಸರ್. ಎರಡು ದಿನ ಗೈರು ಹಾಕಿದ್ದಾರೆ. ಆಸ್ಪತ್ರೆ ಮ್ಯಾನೇಜರ್‌ಗೆ ಕೊಡ್ಲಾ?

ಪೇರೋಲ್ ಕೆಲಸದವರು: ಪತ್ರ ಏಜೆನ್ಸಿ ಹೆಸರಿಗೆ, ಒಂದು ಪ್ರತಿ ಆಸ್ಪತ್ರೆಗೆ. ಏಜೆನ್ಸಿ ಸಂಬಳ ಬಾಕಿ ಉಳಿಸಿದರೆ ಕೆಲಸ ಮಾಡಿಸಿಕೊಂಡ ಆಸ್ಪತ್ರೆಯೇ ಕೊಟ್ಟು, ಏಜೆನ್ಸಿ ಬಿಲ್ಲಲ್ಲಿ ಹಿಡಿದುಕೊಳ್ಳಬೇಕಾಗುತ್ತೆ. ವಾರ್ಡ್ ಡ್ಯೂಟಿ ಚಾರ್ಟ್‌ನ ಫೋಟೋ ಲಗತ್ತಿಸಿ.

ಪ್ರಶ್ನೆ ಕೇಳಿದವರು: ಬೋನಸ್ 500ನ್ನ ನಾಲ್ಕು ದಿನಕ್ಕೆ 125ರ ಹಾಗೆ ಹಂಚಿ ಬರೀಬಹುದಲ್ಲ ಸರ್?

ಪೇರೋಲ್ ಕೆಲಸದವರು: ಬೇಡ. ಆ ಬೋನಸ್ ಒಂದು ದಿನ ತಪ್ಪಿದರೂ ಪೂರ್ತಿ ಹೋಗೋ ಥರದ್ದು. ಮೂರು ದಿನ ಒಪ್ಪಿ ಒಂದನ್ನು ಬಿಟ್ಟರೆ 375 ಅಂತ ಕೊಡೋ ಲೆಕ್ಕ ಯಾರ ಹತ್ತಿರಾನೂ ಇರಲ್ಲ.

ಸೂಪರ್‌ವೈಸರ್: 27ಕ್ಕೆ ಬಂದೇ ಇಲ್ಲವಲ್ಲ, ಬೋನಸ್ ಹೆಂಗಿದ್ರೂ ಸಿಗಲ್ಲ.

ಪೇರೋಲ್ ಕೆಲಸದವರು: ನಿಮ್ಮ ಮಾತೇ ನಿಜ ಆಗಬಹುದು. ಕೆಲವು ಕಡೆ ಇಎಸ್‌ಐ ರಜೆಯನ್ನು ಹಾಜರಿ ಅಂತ ಹಿಡೀತಾರೆ, ಕೆಲವು ಕಡೆ ಇಲ್ಲ. ಮೇಡಂ, ನಿಮ್ಮ ನೇಮಕಾತಿ ಪತ್ರದಲ್ಲೋ ನೋಟಿಸ್ ಬೋರ್ಡಲ್ಲೋ ಬೋನಸ್ ಷರತ್ತು ಏನಿದೆ ಅಂತ ನೋಡಿ ಇಲ್ಲಿ ಹಾಕಿ.