ರಾತ್ರಿ ಶಾಲೆಯ ಲೇಖನಕ್ಕೆ ಯಾವ ಚಿತ್ರ ಹಾಕಲಿ?

ಪ್ರಶ್ನೆ: ಡೊಂಬಿವಲಿಯಿಂದ, ಸಂಘದ ಸಂಚಿಕೆ ನೋಡಿಕೊಳ್ಳುವವರು

ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಮ್ಮ ಸ್ಮರಣ ಸಂಚಿಕೆಗೆ ನಾಲ್ಕು ಪುಟ ಬರೆದಿದ್ದೇನೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗರ ಕಥೆ. ಗೇಟ್‌ವೇ ಆಫ್ ಇಂಡಿಯಾ, ಮಸಾಲೆ ದೋಸೆ, ಲೋಕಲ್ ಟ್ರೇನಿನ ರಶ್, ನೆಟ್‌ನಲ್ಲಿ ಸಿಕ್ಕ ಒಂದು ಹಳೇ ರಾತ್ರಿ ಶಾಲೆ ಫೋಟೋ, ನಮ್ಮ ಮಾವ ಓದಿದ ತರಗತಿಯ ಗ್ರೂಪ್ ಫೋಟೋ, ಹೀಗೆ ಐದು ಚಿತ್ರ ಇಟ್ಟುಕೊಂಡಿದ್ದೇನೆ. ಐದೂ ಹಾಕಬಹುದಾ? ನೆಟ್‌ನ ಫೋಟೋ ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತ ಬರೆದರೆ ಸಾಕಲ್ವಾ?

ಉತ್ತರ: ಪುಣೆಯಿಂದ, ಪುಸ್ತಕಗಳಿಗೆ ಚಿತ್ರ ಆರಿಸುವ ಕೆಲಸದವರು

ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಪ್ರತಿ ಚಿತ್ರದ ಕೆಳಗೆ ಬರುವ ಸಾಲನ್ನು ಈಗಲೇ ಬರೆಯಿರಿ. ಗೇಟ್‌ವೇ ಕೆಳಗೆ ಏನು ಬರೆಯುತ್ತೀರಿ? ‘ಮುಂಬೈ’ ಅಂತ. ದೋಸೆ ಕೆಳಗೆ? ‘ದೋಸೆ’ ಅಂತ. ಓದುವವರು ಡೊಂಬಿವಲಿಯವರು, ಇವೆರಡೂ ಅವರಿಗೆ ಗೊತ್ತಿರುವುದೇ. ಲೋಕಲ್ ಫೋಟೋ ಇನ್ನೂ ತೊಂದರೆ. ಅದು ಈಗಿನ ಟ್ರೇನ್, ನಿಮ್ಮ ಕಥೆ ಹಳೇ ಕಾಲದ್ದು. ಈ ಮೂರನ್ನೂ ಬಿಡಿ.

ನಿಮ್ಮ ಲೇಖನ ಹೇಳುವುದು ಒಂದೇ ಮಾತು: ಹೋಟೆಲಿನ ಹುಡುಗನೇ ಶಾಲೆಯ ಹುಡುಗ. ಅದನ್ನು ಕಣ್ಣಿಗೆ ತೋರಿಸುವ ಚಿತ್ರ ಬೇಕು. ಗ್ರೂಪ್ ಫೋಟೋದಲ್ಲಿ ಸಾಲಾಗಿ ನಿಂತ ಹುಡುಗರು ಕಾಣುತ್ತಾರೆ. ಅವರು ಹೋಟೆಲಿನಿಂದ ಬಂದವರು ಅಂತ ಅದರಲ್ಲಿ ಎಲ್ಲಿ ಕಾಣುತ್ತದೆ? ಮಾವನ ಟ್ರಂಕಿನಲ್ಲಿ ಬೇರೆ ಏನಿದೆ ನೋಡಿ. ಫೀ ರಸೀದಿ, ಮಾರ್ಕ್ಸ್ ಕಾರ್ಡ್, ಊರಿಗೆ ಬರೆದ ಕಾಗದ, ಏನಾದರೂ ಸರಿ.

ನೆಟ್‌ನ ಫೋಟೋಗೆ ‘ಕೃಪೆ: ಇಂಟರ್ನೆಟ್’ ಸಾಲದು. ಇಂಟರ್ನೆಟ್ ಯಾರಿಗೂ ಅನುಮತಿ ಕೊಡುವುದಿಲ್ಲ, ಫೋಟೋದ ಹಕ್ಕುದಾರರು ಕೊಡಬೇಕು. ಅದು ಎಲ್ಲಿ ಸಿಕ್ಕಿತು, ಲಿಂಕ್ ಕಳಿಸಿ.

ಥಾಣೆಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಅಷ್ಟು ಹಳೇ ಫೋಟೋಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಪ್ರಕಟವಾಗಿ 60 ವರ್ಷ ಆದ ಮೇಲೆ ಫೋಟೋ ಎಲ್ಲರದ್ದು. 1957ರ ಕಾಪಿರೈಟ್ ಕಾಯ್ದೆಯಲ್ಲೇ ಇದೆ.

ಪುಣೆ

ಸರ್, ನೀವು ಹೇಳಿದ ಲೆಕ್ಕ ಮೊದಲು ಇತ್ತು. 2012ರ ತಿದ್ದುಪಡಿಯಲ್ಲಿ ಫೋಟೋಗಳ ಆ ಕಲಮನ್ನೇ ತೆಗೆದರು. ಈಗ ಫೋಟೋಗೂ ಪುಸ್ತಕದ ಹಾಗೆಯೇ ಲೆಕ್ಕ: ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ. 2012ಕ್ಕೆ ಮೊದಲೇ ಅವಧಿ ಮುಗಿದಿದ್ದರೆ ಅದು ಬೇರೆ ಮಾತು. 1960ರ ದಶಕದ ಫೋಟೋವನ್ನು ‘ಹಳೇದು, ಆದ್ದರಿಂದ ಫ್ರೀ’ ಅಂತ ನಾನಂತೂ ಅಚ್ಚಿಗೆ ಕೊಡುವುದಿಲ್ಲ.

ಡೊಂಬಿವಲಿ

ಲಿಂಕ್ ಹಾಕಿದ್ದೇನೆ. ಒಂದು ಬ್ಲಾಗಿನಲ್ಲಿತ್ತು. ವಿಕಿಮೀಡಿಯಾ ಕಾಮನ್ಸ್‌ನಲ್ಲೂ ಅದೇ ಫೋಟೋ ಇದೆ, CC BY-SA 4.0 ಅಂತ ಬರೆದಿದೆ. ಹಾಗಾದರೆ ಸರಿ ಅಲ್ವಾ?

ಪುಣೆ

ಆ ಲೈಸೆನ್ಸ್ ಅಂದರೆ ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಬಹುದು ಅನ್ನುವ ಅನುಮತಿ. ಅದು ನಿಜವಾಗಿದ್ದರೆ ಸರಿ. ಆಗ ತೆಗೆದವರ ಹೆಸರು, ಎಲ್ಲಿಂದ ತೆಗೆದುಕೊಂಡದ್ದು, ಲೈಸೆನ್ಸ್ ಹೆಸರು, ನೀವು ಕತ್ತರಿಸಿದ್ದರೆ ಅದನ್ನೂ ಬರೆದು ಹಾಕಬಹುದು. ಜಾಹೀರಾತು ಇರುವ ಸಂಚಿಕೆಗೂ ಅಡ್ಡಿಯಿಲ್ಲ.

ಆದರೆ ಆ ಪುಟವನ್ನು ಪೂರ್ತಿ ಓದಿದೆ. Author ಅನ್ನುವಲ್ಲಿ ಯಾರದೋ ಖಾತೆಯ ಹೆಸರಿದೆ. Source ಅನ್ನುವಲ್ಲಿ Own work. ಅಂದರೆ ‘ನಾನೇ ತೆಗೆದದ್ದು’ ಅಂತ. ಹಾಕಿದ್ದು 2019ರಲ್ಲಿ. ಈಗ ಫೋಟೋ ದೊಡ್ಡದು ಮಾಡಿ ನೋಡಿ. ಇಡೀ ಚಿತ್ರದ ಮೇಲೆ ಸಣ್ಣ ಸಣ್ಣ ಚುಕ್ಕೆಗಳಿವೆ, ಎಡಗಡೆ ಅಂಚಿನಲ್ಲಿ ಕಾಗದ ಮಡಿಚಿದ ಗೆರೆ ಇದೆ. ಆ ಚುಕ್ಕೆ ಬರುವುದು ಅಚ್ಚಾದ ಪುಟವನ್ನು ಸ್ಕ್ಯಾನ್ ಮಾಡಿದಾಗ. ಯಾವುದೋ ಪತ್ರಿಕೆ ಅಥವಾ ಪುಸ್ತಕದಿಂದ ಎತ್ತಿದ್ದಾರೆ. ತನ್ನದಲ್ಲದ ಫೋಟೋಗೆ ಅವರು ಲೈಸೆನ್ಸ್ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ನಂಬಿ ಅಚ್ಚು ಹಾಕಿದ ಮೇಲೆ ನಿಜವಾದ ಹಕ್ಕುದಾರರು ಬಂದರೆ ಉತ್ತರ ಕೊಡಬೇಕಾದವರು ನೀವು.

ಅದೇ ಫೋಟೋ ನೆಟ್‌ನಲ್ಲಿ ಬೇರೆ ಎಲ್ಲೆಲ್ಲಿದೆ ಅಂತ ಹುಡುಕಲು ಗೂಗಲ್ ಲೆನ್ಸ್‌ಗೆ ಕೊಟ್ಟೆ. ಅಂಥದೇ ಇನ್ನೊಂದು ತಾಣ ಟಿನ್‌ಐನಲ್ಲಿ, ಹಳೆಯದು ಮೊದಲು ಬರುವ ಹಾಗೆ Oldest ಅಂತ ಜೋಡಿಸಿಯೂ ನೋಡಿದೆ. ಕಾಮನ್ಸ್‌ಗೆ ಬರುವ ಮೊದಲೇ ಮೂರು ಕಡೆ ಇತ್ತು. ಒಂದು ಕಡೆ ಅದನ್ನು ಬೇರೆ ಊರಿನ ಹಗಲು ಶಾಲೆ ಅಂತ ಬರೆದಿದ್ದಾರೆ. ಹಕ್ಕಿನ ಮಾತು ಆಚೆಗಿರಲಿ, ಅದು ರಾತ್ರಿ ಶಾಲೆ ಅನ್ನುವುದಕ್ಕೇ ಆಧಾರ ಸಿಗಲಿಲ್ಲ. ನನಗೆ ಅಷ್ಟು ಸಾಕು, ಅದನ್ನು ಬಿಡಿ.

ವಾಸ್ಕೋದಿಂದ, ಶಾಲಾ ಶಿಕ್ಷಕರು

ನಾನು ಪಾಠಕ್ಕೆ ನೆಟ್‌ನ ಚಿತ್ರಗಳನ್ನು ಸ್ಲೈಡಿಗೆ ಹಾಕುತ್ತೇನೆ. ಯಾರೂ ಏನೂ ಕೇಳಿಲ್ಲ. ಇದೂ ವಿದ್ಯೆಯ ಕೆಲಸವೇ. ಲಾಭ ಇಲ್ಲದ ಮೇಲೆ ತೊಂದರೆ ಏನು?

ಪುಣೆ

ಮೇಷ್ಟ್ರೇ, ತರಗತಿಯಲ್ಲಿ ಪಾಠ ಮಾಡುವಾಗ ಬಳಸುವುದಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ಬೇರೆಯೇ ವಿನಾಯಿತಿ ಇದೆ. ಅದು ಶಿಕ್ಷಕರಿಗೆ, ಮಕ್ಕಳಿಗೆ, ಪಾಠದ ಮಟ್ಟಿಗೆ. ಸಂಘದ ಸಂಚಿಕೆ ತರಗತಿಯಲ್ಲ. ನೀವು ಕೂಡ ಅದೇ ಸ್ಲೈಡುಗಳನ್ನು ಯೂಟ್ಯೂಬಿಗೆ ಹಾಕುವ ಮೊದಲು ಒಂದೊಂದನ್ನೂ ನೋಡಿಕೊಳ್ಳಿ. ಲಾಭ ಇಲ್ಲ ಅನ್ನುವುದೊಂದೇ ಅನುಮತಿ ಆಗುವುದಿಲ್ಲ.

ಮುಲುಂಡ್‌ನಿಂದ

ಹಳೇ ಫೋಟೋ ಕ್ಲಿಯರ್ ಮಾಡಲು ಒಳ್ಳೇ ಆ್ಯಪ್ ಯಾವುದು ಹೇಳಿ ಮಾರಾಯ್ರೇ.

ಪುಣೆ

ಇಲ್ಲಿ ಆ್ಯಪ್ ಬೇಡ ಅಣ್ಣಾ. ಮುಖ ತಿದ್ದಿಬಿಟ್ಟರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಮೂಲ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ಡೊಂಬಿವಲಿ

ಟ್ರಂಕ್ ತೆಗೆದೆ! ಮಾವನ ಶಾಲೆ ಬಿಟ್ಟ ಸರ್ಟಿಫಿಕೇಟ್ ಸಿಕ್ಕಿತು. ವಿಳಾಸದ ಜಾಗದಲ್ಲಿ ಮನೆ ಇಲ್ಲ, ‘ಕೇರ್ ಆಫ್’ ಅಂತ ಬರೆದು ಹೋಟೆಲಿನ ಹೆಸರಿದೆ. ಕಾಗದ ಹಳದಿಯಾಗಿದೆ, ಮೂಲೆ ಹರಿದಿದೆ. ಚೆಂದ ಕಾಣೋದಿಲ್ಲ ಅಂತ ಬಿಟ್ಟಿದ್ದೆ.

ಪುಣೆ

ಅಕ್ಕಾ, ನಿಮ್ಮ ಚಿತ್ರ ಅದೇ! ಹುಡುಗ ಮಲಗುತ್ತಿದ್ದದ್ದು ಹೋಟೆಲಿನಲ್ಲಿ ಅನ್ನುವುದು ಶಾಲೆಯ ಶಾಯಿಯಲ್ಲೇ ಇದೆ. ಅದನ್ನು ಮೊದಲ ಪುಟದಲ್ಲಿ, ಹೋಟೆಲಿನ ಹುಡುಗನೇ ಶಾಲೆಯ ಹುಡುಗ ಅನ್ನುವ ಮಾತಿನ ಪಕ್ಕದಲ್ಲೇ ಹಾಕಿ. ಪೂರ್ತಿ ಹಾಳೆ ಚಿಕ್ಕದಾಗಿ, ವಿಳಾಸದ ಸಾಲು ಮಾತ್ರ ದೊಡ್ಡದಾಗಿ. ಹರಿದ ಮೂಲೆ ಇರಲಿ. ಜನ್ಮದಿನಾಂಕ, ಜಾತಿ, ನೋಂದಣಿ ಸಂಖ್ಯೆಯ ಜಾಗ ಮುಚ್ಚಿ. ಮಾವನ ಹತ್ತಿರ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ.

ಗ್ರೂಪ್ ಫೋಟೋ ಎರಡನೆಯದಾಗಿ ಬರಲಿ, ಆದರೆ ಹೆಸರುಗಳ ಸಮೇತ. ಯಾರು ಯಾವ ಹೋಟೆಲಿನಲ್ಲಿದ್ದರು ಅಂತ ಮಾವನಿಗೆ ನೆನಪಿದ್ದಷ್ಟು ಬರೆಯಿರಿ. ಆಗ ಅದಕ್ಕೂ ಕೆಲಸ ಸಿಗುತ್ತದೆ. ಅದರ ಹಿಂದೆ ಸ್ಟುಡಿಯೋ ಸೀಲ್ ಇದೆಯಾ?

ಡೊಂಬಿವಲಿ

ಇದೆ. ಗಿರ್ಗಾಂವ್‌ನ ಸ್ಟುಡಿಯೋ, ಈಗ ಇಲ್ಲ. ದುಡ್ಡು ಶಾಲೆ ಕೊಟ್ಟಿತ್ತಂತೆ. ಹುಡುಗರೂ ನಾಲ್ಕಾಣೆ ಹಾಕಿದ್ದರು ಅಂತಾರೆ ಮಾವ.

ಪುಣೆ

ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಶಾಲೆಯನ್ನು ನಡೆಸುತ್ತಿದ್ದ ಸಂಸ್ಥೆ ಇದ್ದರೆ ಅವರಿಗೆ ಪತ್ರ ಬರೆಯಿರಿ: ಯಾವ ಫೋಟೋ, ಯಾವ ಸಂಚಿಕೆ, ಎಷ್ಟು ಪ್ರತಿ, ಪಿಡಿಎಫ್ ಹಂಚುತ್ತೀರಾ, ಎಲ್ಲ ಸ್ಪಷ್ಟವಾಗಿ. ಪಿಡಿಎಫ್ ಮಾತು ಬಿಟ್ಟರೆ ಮತ್ತೆ ಕೇಳಬೇಕಾಗುತ್ತದೆ. ಉತ್ತರ ಬರಹದಲ್ಲಿರಲಿ, ವಾಟ್ಸಾಪ್ ಆದರೂ ಸರಿ.

ಥಾಣೆ

ಹುಡುಗರ ನಾಲ್ಕಾಣೆ? ಅವರಿಗೂ ಪಾಲು ಬರುತ್ತದಲ್ಲ.

ಪುಣೆ

ಒಳ್ಳೇ ಪ್ರಶ್ನೆ ಸರ್. ಸ್ಟುಡಿಯೋ ಜೊತೆ ಮಾತಾಡಿ ತೆಗೆಸಿದವರು ಯಾರು ಅನ್ನುವುದರ ಮೇಲೆ ನಿಂತಿದೆ. ರಸೀದಿ ಶಾಲೆಯ ಹೆಸರಿನಲ್ಲಿದ್ದರೆ ಸುಲಭ, ಇಲ್ಲದಿದ್ದರೆ ವಾದ ಮಾಡಬಹುದು. ಅಕ್ಕಾ, ಸಂಸ್ಥೆ ಸಿಗದಿದ್ದರೆ ಗ್ರೂಪ್ ಫೋಟೋ ಬಿಟ್ಟು ಸರ್ಟಿಫಿಕೇಟ್ ಒಂದನ್ನೇ ಹಾಕಿ. ಲೇಖನಕ್ಕೆ ಅದೊಂದೇ ಸಾಕು.

ಡೊಂಬಿವಲಿ

ಸಂಸ್ಥೆಯ ಹಳೇ ಕಾರ್ಯದರ್ಶಿ ವಿಲೇಪಾರ್ಲೆಯಲ್ಲಿ ಇದ್ದಾರಂತೆ. ಭಾನುವಾರ ಮಾವನನ್ನೂ ಕರೆದುಕೊಂಡು ಹೋಗಿ ಕೇಳುತ್ತೇನೆ.